ಫೋಟೋದ ಲೆಕ್ಕದಲ್ಲಿ ಘಾತ 2 ಆಗಲಿ, 2/3 ಆಗಲಿ, ಮೊದಲು x = 1ರಲ್ಲಿ ಒಡೆಯಬೇಕು

ಪ್ರಶ್ನೆ (ಬದಿಯಡ್ಕ, ಬಿ.ಎಸ್‌ಸಿ. ವಿದ್ಯಾರ್ಥಿನಿ): ಟೀಚರ್, ಜೆರಾಕ್ಸ್ ನೋಟ್ಸಿನ ಲೆಕ್ಕದ ಫೋಟೋ ಹಾಕಿದ್ದೇನೆ. ∫₀³ dx/(x−1)² ಎಂಬುದನ್ನು ಲಿಮಿಟ್ ರೂಪದಲ್ಲಿ ಬರೆದು, ಕನ್ವರ್ಜ್ ಆಗುತ್ತದೆಯೇ ಎಂದು ತೀರ್ಮಾನಿಸಬೇಕಂತೆ. ನಾನು −1/(x−1) ಎಂದು ಇಂಟಿಗ್ರೇಟ್ ಮಾಡಿ ಬೆಲೆ ಹಾಕಿದೆ, −3/2 ಬಂತು. ಲಿಮಿಟ್ ಎಲ್ಲಿ ಬರೆಯಬೇಕೆಂದೇ ಗೊತ್ತಾಗಲಿಲ್ಲ. ಉತ್ತರದ ಪುಟ ನನ್ನಲ್ಲಿಲ್ಲ.

ಉತ್ತರ (ಕಾಸರಗೋಡು, ನಿವೃತ್ತ ಗಣಿತ ಅಧ್ಯಾಪಿಕೆ): ಉತ್ತರದ ಪುಟ ಇಲ್ಲದಿದ್ದರೂ −3/2 ತಪ್ಪೆಂದು ಅದರ ಚಿಹ್ನೆಯೇ ಹೇಳುತ್ತದೆ. 1/(x−1)² ಎಂಬುದು ವರ್ಗದ ವ್ಯುತ್ಕ್ರಮವಾದ್ದರಿಂದ ಎಲ್ಲಿಯೂ ಋಣವಾಗುವುದಿಲ್ಲ. ಇಡೀ ರೇಖೆ x-ಅಕ್ಷದ ಮೇಲೆಯೇ ಇರುವಾಗ ಅದರ ಕೆಳಗಿನ ವಿಸ್ತೀರ್ಣ ಋಣಸಂಖ್ಯೆಯಾಗಲು ಸಾಧ್ಯವಿಲ್ಲ. ಹೀಗೆ ಬಂದಾಗ ಛೇದ ಎಲ್ಲಿ ಸೊನ್ನೆಯಾಗುತ್ತದೆಂದು ಹುಡುಕಬೇಕು. ಇಲ್ಲಿ ಅದು x = 1ರಲ್ಲಿ, ಅಂದರೆ 0 ಮತ್ತು 3ರ ನಡುವೆಯೇ, ಸೊನ್ನೆಯಾಗುತ್ತದೆ. ಎರಡು ತುದಿಗಳಲ್ಲಿ ಏನೂ ತೊಂದರೆ ಕಾಣದ ಕಾರಣ ಇದು ಇಂಪ್ರಾಪರ್ ಇಂಟಿಗ್ರಲ್ ಎಂಬುದೇ ಗಮನಕ್ಕೆ ಬರುವುದಿಲ್ಲ, ಇಂತಹ ಲೆಕ್ಕಗಳಲ್ಲಿ ಹೆಚ್ಚಿನವರು ಎಡವುವುದೂ ಇಲ್ಲಿಯೇ.

ಆದ್ದರಿಂದ ಮೊದಲು x = 1ರಲ್ಲಿ ಒಡೆದು, ಎರಡು ಬೇರೆ ಬೇರೆ ಲಿಮಿಟ್‌ಗಳನ್ನು ಬರೆಯಬೇಕು:

lim(t→1⁻) ∫₀ᵗ dx/(x−1)² + lim(s→1⁺) ∫ₛ³ dx/(x−1)²

t ಮತ್ತು s ಎಂದು ಎರಡು ಅಕ್ಷರಗಳನ್ನು ಬೇಕೆಂದೇ ಬಳಸಿದ್ದೇನೆ, ಏಕೆಂದರೆ ಒಂದು ಕಡೆಯ ಲಿಮಿಟ್ ಇನ್ನೊಂದು ಕಡೆಯದನ್ನು ನೆಚ್ಚಿಕೊಂಡಿರಬಾರದು. ಎಡಭಾಗದ ಬೆಲೆ 1/(1−t) − 1. t = 0.99 ಆದಾಗ ಅದು 99, t = 0.999 ಆದಾಗ 999. t ಒಂದಕ್ಕೆ ಹತ್ತಿರವಾದಷ್ಟೂ ಅದು ಬೆಳೆಯುತ್ತಲೇ ಹೋಗುತ್ತದೆ, ಲಿಮಿಟ್ ಇಲ್ಲ. ಒಂದು ಭಾಗ ಡೈವರ್ಜ್ ಆದರೆ ಸಾಕು, ಇಡೀ ಇಂಟಿಗ್ರಲ್ ಡೈವರ್ಜ್ ಆಯಿತು. ಬಲಭಾಗವನ್ನು ಲೆಕ್ಕ ಹಾಕುವ ಅಗತ್ಯವಿಲ್ಲ.

ಆದರೆ ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ ಆ 2ರ ಕೆಳಗೆ ತೆಳುವಾದ ಒಂದು ಗೆರೆಯೂ, ಅದರಡಿ ಮಸುಕಾದ ಒಂದು ಗುರುತೂ ಇರುವಂತೆ ನನಗೆ ಕಾಣುತ್ತಿದೆ. ಅದು 2/3 ಆಗಿದ್ದರೆ ತೀರ್ಮಾನವೇ ತಿರುಗಿ ಬೀಳುತ್ತದೆ. (x−1)^(−2/3) ಅನ್ನು ಇಂಟಿಗ್ರೇಟ್ ಮಾಡಿದರೆ 3∛(x−1) ಬರುತ್ತದೆ. ಆಗ ಎಡಭಾಗದ ಬೆಲೆ 3 − 3∛(1−t). t = 0.999 ಆದಾಗ ಇದು 2.7, t = 0.999999 ಆದಾಗ 2.97, ಅಂದರೆ 3ರ ಕಡೆಗೆ ಬಂದು ನಿಲ್ಲುತ್ತದೆ. ಬಲಭಾಗ ಇದೇ ರೀತಿ 3∛2ಕ್ಕೆ ಹೋಗುತ್ತದೆ. ಎರಡೂ ಲಿಮಿಟ್‌ಗಳು ಇರುವುದರಿಂದ ಇಂಟಿಗ್ರಲ್ ಕನ್ವರ್ಜ್ ಆಗುತ್ತದೆ, ಬೆಲೆ 3 + 3∛2, ಸುಮಾರು 6.78. ರೇಖೆ x = 1ರಲ್ಲಿ ಅನಂತಕ್ಕೆ ಏರಿದರೂ ವಿಸ್ತೀರ್ಣ ಸೀಮಿತವಾಗಿಯೇ ಉಳಿಯಬಹುದು ಎಂಬುದನ್ನು ಇಲ್ಲಿ ಗಮನಿಸಿ.

ಉಪ್ಪಳ, ಎಂಜಿನಿಯರಿಂಗ್ ವಿದ್ಯಾರ್ಥಿ: ಟೀಚರ್, ಇದು ನಮಗೆ ಕಲಿಸಿದ್ದಕ್ಕೆ ವಿರುದ್ಧವಾಗಿದೆಯಲ್ಲ? ಘಾತ 1ಕ್ಕಿಂತ ಹೆಚ್ಚಾದರೆ ಕನ್ವರ್ಜ್, ಇಲ್ಲವಾದರೆ ಡೈವರ್ಜ್ ಎಂದು ನಾನು ಬರೆದುಕೊಂಡಿದ್ದೇನೆ. ಕಳೆದ ಪರೀಕ್ಷೆಯಲ್ಲಿ 1ರಿಂದ ಅನಂತದವರೆಗೆ dx/x² ಬಂದಿತ್ತು, ಕನ್ವರ್ಜ್ ಎಂದು ಬರೆದು ಪೂರ್ಣ ಅಂಕ ಪಡೆದಿದ್ದೇನೆ. ಇಲ್ಲಿಯೂ ಘಾತ 2 ಅಲ್ಲವೇ?

ಅಧ್ಯಾಪಿಕೆ: ನೀವು ಬರೆದುಕೊಂಡ ನಿಯಮ ಸರಿಯಾಗಿದೆ, ಆದರೆ ಅದು ಮೇಲಿನ ತುದಿ ಅನಂತವಾಗಿರುವ ಲೆಕ್ಕಕ್ಕೆ ಮಾತ್ರ ಸಲ್ಲುತ್ತದೆ. ಅಲ್ಲಿ x ದೊಡ್ಡದಾಗುತ್ತಾ ಹೋಗುವುದರಿಂದ, ಘಾತ ಹೆಚ್ಚಿದಷ್ಟೂ 1/xᵖ ಬೇಗ ಕುಗ್ಗುತ್ತದೆ. ಈ ಲೆಕ್ಕದಲ್ಲಿ x−1 ಸೊನ್ನೆಯ ಕಡೆಗೆ ಹೋಗುತ್ತಿದೆ. ಇಲ್ಲಿ ಘಾತ ಹೆಚ್ಚಿದಷ್ಟೂ ಬೆಲೆ ಬೇಗ ಏರುತ್ತದೆ. x−1 = 0.001 ಎಂದು ಹಾಕಿ ನೋಡಿ: ಘಾತ 2 ಆದರೆ 10 ಲಕ್ಷ, 2/3 ಆದರೆ ಬರೀ 100. ಆದ್ದರಿಂದ ಇಂತಹ ಬಿಂದುವಿನ ಬಳಿ ಘಾತ 1ಕ್ಕಿಂತ ಕಡಿಮೆ ಇದ್ದರೆ ಕನ್ವರ್ಜ್, 1 ಅಥವಾ ಹೆಚ್ಚು ಇದ್ದರೆ ಡೈವರ್ಜ್. ಘಾತ ನೋಡುವ ಮೊದಲು ತೊಂದರೆ ಎಲ್ಲಿದೆ, ಅನಂತದಲ್ಲೋ ಒಂದು ಬಿಂದುವಿನಲ್ಲೋ ಎಂದು ಕೇಳಿಕೊಳ್ಳಿ.

ಮಂಜೇಶ್ವರ, ಟ್ಯೂಷನ್ ನಡೆಸುವವರು: ನಮಸ್ಕಾರ ಟೀಚರ್. ಘಾತ 2/3 ಆದರೆ ಒಡೆಯದೆ ನೇರವಾಗಿ ಬೆಲೆ ಹಾಕಿದರೂ ಅದೇ 3 + 3∛2 ಬರುತ್ತದೆ, ಹಾಗಾಗಿ ನಾನು ಮಕ್ಕಳಿಗೆ ಒಡೆಯಲು ಹೇಳುವುದಿಲ್ಲ. ಇನ್ನು 0ಯಿಂದ 2ರವರೆಗೆ dx/(x−1) ಆದರೆ ಎಡದ ಋಣ ಮತ್ತು ಬಲದ ಧನ ಸರಿಸಮ, ಒಂದನ್ನೊಂದು ಕಳೆದು ಉತ್ತರ ಸೊನ್ನೆ. ಅದನ್ನು ಡೈವರ್ಜ್ ಎನ್ನುವುದೇಕೆ?

ಅಧ್ಯಾಪಿಕೆ: ಮೊದಲ ಮಾತಿನಲ್ಲಿ ಉತ್ತರದ ಮಟ್ಟಿಗೆ ನೀವು ಹೇಳಿದ್ದು ನಿಜ. 3∛(x−1) ಎಂಬುದು x = 1ರಲ್ಲಿಯೂ ಮುರಿಯದೆ ಸಾಗುವುದರಿಂದ ಎರಡು ಲಿಮಿಟ್‌ಗಳೂ ಅಲ್ಲಿ ಒಂದೇ ಬೆಲೆಯಲ್ಲಿ ಕೂಡಿಕೊಳ್ಳುತ್ತವೆ. −1/(x−1) ಅಲ್ಲಿ ಮುರಿಯುತ್ತದೆ, ಅದಕ್ಕಾಗಿಯೇ −3/2 ಬಂದದ್ದು. ಯಾವುದು ಮುರಿಯುತ್ತದೆ, ಯಾವುದು ಮುರಿಯುವುದಿಲ್ಲ ಎಂಬುದನ್ನು ತಿಳಿಯುವ ದಾರಿಯೇ ಒಡೆದು ನೋಡುವುದು. ಇಲ್ಲಿ ಪ್ರಶ್ನೆಯೂ ಲಿಮಿಟ್ ಬರೆಯಲು ಸ್ಪಷ್ಟವಾಗಿ ಕೇಳಿದೆ.

ಎರಡನೆಯದನ್ನು ಒಪ್ಪಲಾರೆ. ಎಡದಲ್ಲಿ 1−ε ವರೆಗೆ ಹೋಗಿ, ಬಲದಲ್ಲಿ 1+ε ನಿಂದ ಹೊರಟರೆ ಮೊತ್ತ ಸೊನ್ನೆ. ಬಲದಲ್ಲಿ 1+2ε ನಿಂದ ಹೊರಡಿ: ಎಡಭಾಗ ln ε, ಬಲಭಾಗ −ln 2ε, ಮೊತ್ತ −ln 2, ಅಂದರೆ ಸುಮಾರು −0.693. ε ಎಷ್ಟೇ ಚಿಕ್ಕದಾದರೂ ಈ ಬೆಲೆ ಬದಲಾಗುವುದಿಲ್ಲ. ಎರಡು ಕಡೆಯಿಂದ ಹತ್ತಿರವಾಗುವ ವೇಗವನ್ನು ಬದಲಿಸಿದೊಡನೆ ಉತ್ತರವೂ ಬದಲಾಗುವುದಾದರೆ, ಆ ಇಂಟಿಗ್ರಲ್‌ಗೆ ತನ್ನದೇ ಆದ ಬೆಲೆ ಇಲ್ಲವೆಂದೇ ಅರ್ಥ.

ಟ್ಯೂಷನ್ ನಡೆಸುವವರು: ಭೌತಶಾಸ್ತ್ರದಲ್ಲಿ ಆ ಸೊನ್ನೆಯನ್ನೇ ಬಳಸುತ್ತಾರಲ್ಲ?

ಅಧ್ಯಾಪಿಕೆ: ಬಳಸುತ್ತಾರೆ, ಅದಕ್ಕೆ ಕೋಶಿಯ ಪ್ರಿನ್ಸಿಪಲ್ ವ್ಯಾಲ್ಯೂ ಎಂಬ ಹೆಸರಿದೆ. ಎರಡು ಕಡೆಯಿಂದಲೂ ಸಮಾನ ಅಂತರ ಬಿಡುತ್ತೇವೆಂದು ಅಲ್ಲಿ ಮೊದಲೇ ಒಪ್ಪಿಕೊಂಡಿರುತ್ತಾರೆ. ಕನ್ವರ್ಜ್ ಆಗುತ್ತದೆಯೇ ಎಂದು ಮಾತ್ರ ಕೇಳಿದಾಗ ಆ ಒಪ್ಪಂದ ಇರುವುದಿಲ್ಲ.

ಟ್ಯೂಷನ್ ನಡೆಸುವವರು: ಇದು ಸರಿ. ಆದರೂ 2/3ರ ಲೆಕ್ಕದಲ್ಲಿ ಉತ್ತರ ಸರಿಯಿದ್ದ ಮೇಲೆ ಒಡೆಯಲಿಲ್ಲವೆಂದು ಅಂಕ ಕಳೆಯುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಅಧ್ಯಾಪಿಕೆ: ನಾನಾದರೆ ಕಳೆಯುತ್ತಿದ್ದೆ. ಬೇರೆ ಮೌಲ್ಯಮಾಪಕರು ಏನು ಮಾಡುತ್ತಾರೋ ಹೇಳಲಾರೆ.

ಬದಿಯಡ್ಕದ ವಿದ್ಯಾರ್ಥಿನಿ: ತುಂಬ ಉಪಕಾರ ಟೀಚರ್. ಮೂಲ ನೋಟ್ಸ್ ಹಿರಿಯ ವಿದ್ಯಾರ್ಥಿಯೊಬ್ಬರ ಬಳಿ ಇದೆ, ಕೇಳಿ ಘಾತ ಯಾವುದೆಂದು ನೋಡುತ್ತೇನೆ. ಒಂದು ಸಂಶಯ ಮಾತ್ರ ಉಳಿದಿದೆ. x = 0 ಎಂದು ಹಾಕಿ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ (-1)^(2/3) ಒತ್ತಿದರೆ ಎರರ್ ತೋರಿಸುತ್ತದೆ. ಹಾಗಾದರೆ 1ರ ಎಡಕ್ಕೆ ಈ ಫಂಕ್ಷನ್ನೇ ಇಲ್ಲವೇ?

ಅಧ್ಯಾಪಿಕೆ: ಇದೆ. ಋಣಸಂಖ್ಯೆಗೆ ಭಿನ್ನರಾಶಿಯ ಘಾತ ಹಾಕುವುದನ್ನು ಕೆಲವು ಕ್ಯಾಲ್ಕುಲೇಟರುಗಳು ನಿರಾಕರಿಸುತ್ತವೆ, ಕೆಲವು ಸಾಫ್ಟ್‌ವೇರ್‌ಗಳು ಕಾಂಪ್ಲೆಕ್ಸ್ ಸಂಖ್ಯೆ ಕೊಡುತ್ತವೆ. ನಿಮ್ಮ ಮಟ್ಟದ ಕ್ಯಾಲ್ಕುಲಸ್‌ನಲ್ಲಿ (x−1)^(2/3) ಎಂದರೆ (x−1)² ಇದರ ಘನಮೂಲ ಎಂದೇ ತೆಗೆದುಕೊಳ್ಳುತ್ತೇವೆ. ಮೊದಲು ವರ್ಗ ಮಾಡಿ, ಬಳಿಕ ∛ ಒತ್ತಿ; x = 0 ಆದಾಗ 1 ಬರುತ್ತದೆ. ಮೂಲ ನೋಟ್ಸಿನಲ್ಲಿ ಘಾತ 2/3 ಎಂದೇ ಇದ್ದರೆ, ಉತ್ತರದ ಮೊದಲ ಸಾಲಿನಲ್ಲಿ ಅದನ್ನು ∛((x−1)²) ಎಂದು ಬರೆದುಬಿಡಿ.