ಟಿ.ಸಿ.ಎಚ್. ಸರ್ಟಿಫಿಕೇಟಿನ ಅನುವಾದದಲ್ಲಿ ನನ್ನ ಹೆಸರನ್ನು ಹೇಗೆ ಬರೆಸಬೇಕು?

ಪ್ರಶ್ನೆ: ಕೆನಡಾಗೆ ಅರ್ಜಿ ಹಾಕಲು ನನ್ನ ಓದಿನ ಮೌಲ್ಯಮಾಪನ ಆಗಬೇಕು. ಟಿ.ಸಿ.ಎಚ್. ಸರ್ಟಿಫಿಕೇಟು, ಅಂಕಪಟ್ಟಿ ಎರಡೂ ಪೂರ್ತಿ ಕನ್ನಡದಲ್ಲಿವೆ. ಅವುಗಳಲ್ಲಿ "ಸುಜಾತಾ ಈ. ಹಳ್ಳಿಕೇರಿ" ಎಂದಿದೆ (ಹೆಸರು ಬದಲಿಸಿದ್ದೇನೆ). ಪಾಸ್‌ಪೋರ್ಟಿನಲ್ಲಿ SUJATHA HALLIKERI, ಬಿ.ಎ. ಸರ್ಟಿಫಿಕೇಟಿನ ಇಂಗ್ಲಿಷ್ ಭಾಗದಲ್ಲಿ SUJATA I HALLIKERI. ಅನುವಾದದ ಅಂಗಡಿಯವರು ಒಂದರಲ್ಲಿ SUJATA E. HALLIKERI ಅಂತ, ಇನ್ನೊಂದರಲ್ಲಿ SUJATHA IRANNA HALLIKERI ಅಂತ ಬರೆದಿದ್ದಾರೆ. ಯಾವುದು ಸರಿ?

ಒಬ್ಬ ಸದಸ್ಯರು: ನೋಟರಿ ಸೀಲ್ ಹಾಕಿಸಿ, ಸಾಕು. ಸೀಲ್ ಇದ್ದರೆ ಯಾರೂ ಪ್ರಶ್ನೆ ಮಾಡಲ್ಲ.

ಅನುವಾದಕರು, ಹುಬ್ಬಳ್ಳಿ: ನೋಟರಿ ಬೇಕಾಗುತ್ತದೆ, ನಿಜ. ಆದರೆ ಅವರು ನೋಡುವುದು ಅನುವಾದಕ ತನ್ನ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದನೇ ಅಂತ ಮಾತ್ರ. ಕಾಗುಣಿತ ಸರಿಯೇ ಅಂತ ಅವರು ನೋಡುವುದಿಲ್ಲ. ನಮ್ಮಲ್ಲಿ ಅನುವಾದಕರಿಗೆ ಸರ್ಕಾರದ ಲೈಸೆನ್ಸ್ ಅಂತ ಇಲ್ಲ. ಅದಕ್ಕೇ ಕೆನಡಾದ ವಲಸೆ ಇಲಾಖೆ, ಅಲ್ಲಿನ ಮಾನ್ಯತೆ ಇಲ್ಲದ ಅನುವಾದಕರಿಂದ ಅಫಿಡವಿಟ್ ಕೇಳುತ್ತದೆ. ಎರಡೂ ಭಾಷೆ ಬಲ್ಲೆ, ಅನುವಾದ ಮೂಲಕ್ಕೆ ಸರಿಯಾಗಿದೆ ಅಂತ ಅದರಲ್ಲಿ ಬರೆದುಕೊಡಬೇಕು.

ಇನ್ನು ನಿಮ್ಮ ಹೆಸರು. ಎರಡೂ ಅನುವಾದ ತಿದ್ದಿಸಬೇಕು, ಆದರೆ ಎರಡರ ತಪ್ಪು ಒಂದೇ ಅಲ್ಲ.

"ಸುಜಾತಾ" ಎಂಬುದನ್ನು SUJATA ಅಂತಲೂ SUJATHA ಅಂತಲೂ ಬರೆಯುವುದು ನಮ್ಮ ಕಡೆ ರೂಢಿ. ಮೂಲದಲ್ಲಿ ಕನ್ನಡ ಅಕ್ಷರ ಮಾತ್ರ ಇದ್ದಾಗ ಪಾಸ್‌ಪೋರ್ಟಿನ ಕಾಗುಣಿತ ಹಿಡಿದರೆ ಮೂಲಕ್ಕೆ ಏನೂ ಮೋಸವಾಗುವುದಿಲ್ಲ. ಆದ್ದರಿಂದ SUJATHA, HALLIKERI. "ಈ." ಕಷ್ಟದ್ದು. ಅದು E ಆಗಬಹುದು, I ಆಗಬಹುದು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರು ಹೇಗಿದೆ ನೋಡಿ. IRANNA ಅಂತ ಇದ್ದರೆ I ಬರೆಸಿ. ಆಗ ಬಿ.ಎ. ಸರ್ಟಿಫಿಕೇಟಿಗೂ ಹೊಂದುತ್ತದೆ.

ಆದರೆ ಇನಿಶಿಯಲ್ ಬಿಡಿಸಿ IRANNA ಅಂತ ಪೂರ್ತಿ ಬರೆಯುವುದು ಅನುವಾದ ಅಲ್ಲ, ಸೇರ್ಪಡೆ. ಪಾಸ್‌ಪೋರ್ಟಿನಲ್ಲಿ ಇಲ್ಲವೆಂದು "ಈ." ಬಿಟ್ಟುಬಿಡುವುದೂ ಅಷ್ಟೇ ತಪ್ಪು. ಮೂಲದಲ್ಲಿ ಇರುವುದೇ ಇರಬೇಕು: SUJATHA I. HALLIKERI. ಕೆಳಗೆ ಅನುವಾದಕರ ಟಿಪ್ಪಣಿ ಅಂತ ಚೌಕ ಕಂಸದಲ್ಲಿ ಒಂದು ಸಾಲು ಹಾಕಿಸಿ: ಮೂಲದಲ್ಲಿ ಹೆಸರು ಕನ್ನಡ ಲಿಪಿಯಲ್ಲಿ ಮಾತ್ರ ಇದೆ, ಇಂಗ್ಲಿಷ್ ಕಾಗುಣಿತವನ್ನು ಅಭ್ಯರ್ಥಿಯ ಪಾಸ್‌ಪೋರ್ಟ್ ನೋಡಿ ಬರೆದಿದೆ. ಓದುವವರಿಗೆ ಅನುಮಾನ ಬರುವ ಮೊದಲೇ ಉತ್ತರ ಅಲ್ಲಿರುತ್ತದೆ.

ಎರಡೂ ಕಾಗದವನ್ನು ಒಬ್ಬರ ಕೈಲೇ ಮಾಡಿಸಿ. ನೋಂದಣಿ ಸಂಖ್ಯೆ ಕನ್ನಡ ಅಂಕಿಗಳಲ್ಲಿದ್ದರೆ ೬ ಮತ್ತು ೯ ಅನ್ನು ನೀವೇ ಮೂಲದ ಜೊತೆ ಇಟ್ಟು ನೋಡಿ. ಹಳೇ ಜೆರಾಕ್ಸಿನಲ್ಲಿ ಜಾಸ್ತಿ ಕೈಕೊಡುವುದು ಅಲ್ಲೇ.

ಇನ್ನೊಬ್ಬರು: ನನ್ನ ಮಗಳು ಇಂಗ್ಲಿಷ್ ಲೆಕ್ಚರರ್. ನನ್ನ ಟಿ.ಸಿ. ಅವಳೇ ಅನುವಾದ ಮಾಡಿಕೊಟ್ಟಿದ್ದಳು, ಇಲ್ಲಿನ ಆಫೀಸಿನಲ್ಲಿ ತಗೊಂಡರು.

ಅನುವಾದಕರು, ಹುಬ್ಬಳ್ಳಿ: ಇಲ್ಲಿ ನಡೆದಿರಬಹುದು, ಅಮ್ಮಾ. ಕೆನಡಾದ ವಲಸೆ ಅರ್ಜಿಗೆ ಅರ್ಜಿದಾರರಾಗಲಿ ಮನೆಯವರಾಗಲಿ ಮಾಡಿದ ಅನುವಾದ ನಡೆಯುವುದಿಲ್ಲ, ಅವರು ಎಷ್ಟೇ ಓದಿರಲಿ.

ಮತ್ತೊಬ್ಬರು: ಮದುವೆಯಾದ ಮೇಲೆ ನನ್ನ ಸರ್‌ನೇಮ್ ಬದಲಾಗಿದೆ. ಅನುವಾದದಲ್ಲಿ ಹೊಸದನ್ನೇ ಹಾಕಿಸಲಾ?

ಅನುವಾದಕರು, ಹುಬ್ಬಳ್ಳಿ: ಬೇಡ. ಮೂಲದಲ್ಲಿ ತವರಿನ ಹೆಸರಿದ್ದರೆ ಅದೇ ಬರಬೇಕು. ಬದಲಾವಣೆ ತೋರಿಸುವುದಕ್ಕೆ ವಿವಾಹ ನೋಂದಣಿ ಪತ್ರ ಬೇರೆ ಕೊಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಸರ್. ತಂದೆ ಹೆಸರು ಪಾಸ್‌ಪೋರ್ಟಿನಲ್ಲಿ IRANNA ಅಂತಲೇ ಇದೆ. ಬಿ.ಎ. ಸರ್ಟಿಫಿಕೇಟನ್ನೂ ಅನುವಾದ ಮಾಡಿಸಿ SUJATHA ಅಂತ ಸರಿಮಾಡಿಸಬಹುದಾ? ಅದರಲ್ಲೂ ಅರ್ಧ ಕನ್ನಡ ಇದೆಯಲ್ವಾ.

ಅನುವಾದಕರು, ಹುಬ್ಬಳ್ಳಿ: ಆ ಕೆಲಸ ಮಾತ್ರ ಮಾಡಬೇಡಿ. ವಿಶ್ವವಿದ್ಯಾಲಯವೇ ಇಂಗ್ಲಿಷಿನಲ್ಲಿ SUJATA ಅಂತ ಅಚ್ಚು ಹಾಕಿದೆ. ಅದರ ಮೇಲೆ ಅನುವಾದಕರಿಗೆ ಅಧಿಕಾರ ಇಲ್ಲ. ವಿಶ್ವವಿದ್ಯಾಲಯ ನೇರವಾಗಿ ಕಳಿಸುವ ಟ್ರಾನ್ಸ್‌ಕ್ರಿಪ್ಟಿನಲ್ಲೂ SUJATA ಅಂತಲೇ ಬಂದರೆ, ನಿಮ್ಮ ಅನುವಾದ ಒಂದೇ ಬೇರೆಯಾಗಿ ಎದ್ದು ಕಾಣುತ್ತದೆ.

ಆ ಒಂದು H ವ್ಯತ್ಯಾಸಕ್ಕೆ, ಎರಡೂ ಹೆಸರಿನವರು ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಕೆಲವು ಸಂಸ್ಥೆಗಳಿಗೆ ಅಷ್ಟು ಸಾಕು, ಕೆಲವರು ವಿಶ್ವವಿದ್ಯಾಲಯದಿಂದಲೇ ತಿದ್ದಿಸಿ ತನ್ನಿ ಅನ್ನುತ್ತಾರೆ. ದುಡ್ಡು ಕಟ್ಟುವ ಮೊದಲು ಎರಡೂ ಕಾಗುಣಿತ ಬರೆದು, ಯಾವ ದಾಖಲೆ ಬೇಕು ಅಂತ ಅವರಿಗೇ ಇಮೇಲ್ ಹಾಕಿ. ಅರ್ಜಿಯಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ತುಂಬಿ.

ಪ್ರಶ್ನೆ ಕೇಳಿದವರು: ಇವತ್ತೇ ಇಮೇಲ್ ಹಾಕುತ್ತೇನೆ. ಉತ್ತರ ಬಂದ ಮೇಲೆ ಇಲ್ಲೇ ತಿಳಿಸುತ್ತೇನೆ.