ಅಪ್‌ಡೇಟ್: ಅಂಚಿನ ಬಿಳಿ ಗೆರೆ ಕೊನೆಗೂ ಹೋಯಿತು

ನಾನು ಕೇಳಿದ್ದು: ಕೊಪ್ಪಳದ ನಮ್ಮ ಮನೆಯ ಬಿಳಿ ಗೋಡೆ ಮುಂದೆ ತೆಗೆದ ಅಕ್ಕನ ಫೋಟೋಗೆ ಅಂಜನಾದ್ರಿ ಬೆಟ್ಟದ ಸಂಜೆ ಹಿನ್ನೆಲೆ ಹಾಕಿದೆ. ಸುತ್ತಲೂ ಬಿಳಿ ಗೆರೆ ಕಾಣುತ್ತಿದೆ, ಯಾಕೆ?

ನಾಲ್ಕು ದಿನ ಕೂತು ಸರಿ ಮಾಡಿದೆ. ಮೊದಲು ಫೋಟೋಶಾಪ್‌ನಲ್ಲಿ ಅಂಚು ಮೃದು ಮಾಡುವ ಫೆದರ್ ಜಾಸ್ತಿ ಮಾಡಿದೆ. ಗೆರೆ ಹೋಗಲಿಲ್ಲ, ಇನ್ನೂ ಅಗಲವಾಗಿ ಮಂಜಿನ ಹಾಗೆ ಹರಡಿತು. ಗೋಡೆಯನ್ನು ಮರೆಮಾಡುವ ಮಾಸ್ಕಿನ ಅಂಚನ್ನು ಒಳಗೆ ಸರಿಸಿದಾಗ ಸೀರೆಯ ಅಂಚು ಚೆನ್ನಾಯಿತು, ಆದರೆ ಹಣೆ ಮೇಲಿನ ಕೂದಲೇ ಕತ್ತರಿಸಿ ಹೋಯಿತು.

ಇಲ್ಲೊಬ್ಬರು 800% ಜೂಮ್ ಮಾಡಿ ನೋಡಿ ಅಂದಿದ್ದರು. ಆಗ ಅರ್ಥವಾಯಿತು. ಅಂಚಿನ ಪಿಕ್ಸೆಲ್ ಪೂರ್ತಿ ಕೂದಲಲ್ಲ, ಅರ್ಧ ಕೂದಲು, ಅರ್ಧ ಗೋಡೆ. ಕಪ್ಪು ಕೂದಲು ಅಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಗೋಡೆ ತೆಗೆದರೂ ಅದರ ಬಿಳುಪು ಆ ಪಿಕ್ಸೆಲ್‌ನಲ್ಲೇ ಉಳಿದಿರುತ್ತದೆ. ಹಿನ್ನೆಲೆ ಕತ್ತಲಾದಷ್ಟೂ ಎದ್ದು ಕಾಣುತ್ತದೆ, ಅಲ್ವಾ?

ಸೀರೆ, ತೋಳಿಗೆ ಕೆಲಸ ಮಾಡಿದ್ದು ಫೋಟೋಶಾಪ್‌ನ Layer > Matting > Defringe, 1 ಪಿಕ್ಸೆಲ್. ಅದು ಅಂಚಿನ ಬಣ್ಣದ ಜಾಗಕ್ಕೆ ಒಳಗಿನ ಬಣ್ಣ ತರುತ್ತದೆ. ಮಾಸ್ಕ್ ಇರುವ ಲೇಯರ್‌ನಲ್ಲಿ ನನಗೆ ಆಗಲಿಲ್ಲ. ನಕಲು ಲೇಯರ್ ಮಾಡಿ, ಮಾಸ್ಕನ್ನು ಅಪ್ಲೈ ಮಾಡಿದ ಮೇಲೆ ಆಯಿತು.

ಕೂದಲಿಗೆ ಮಾತ್ರ Select and Mask ಒಳಗಿನ, ಅಂಚಿಗೆ ಹತ್ತಿದ ಹಿನ್ನೆಲೆಯ ಬಣ್ಣ ತೆಗೆಯುವ Decontaminate Colors ಬೇಕಾಯಿತು. ಪೂರ್ತಿ 100ಕ್ಕೆ ಇಟ್ಟರೆ ಕಿವಿಯೋಲೆಯ ಹೊಳಪೂ ಮಾಸಿತು. 60ರ ಹತ್ತಿರ ನಿಲ್ಲಿಸಿದೆ.