ಆಫರ್ ಲೆಟರ್‌ನಲ್ಲಿ ‘ಒಟ್ಟು ಸಂಬಳ’ ಎಂದರೆ ಯಾವುದು?

ಪೀಣ್ಯದಿಂದ ಪ್ರಶ್ನೆ: ನಮ್ಮ ಕಾರ್ಖಾನೆಗೆ ಸೇರಲಿರುವ ಉಗ್ರಾಣ ಮೇಲ್ವಿಚಾರಕರಿಗೆ ಕನ್ನಡದಲ್ಲೇ ಆಫರ್ ಲೆಟರ್ ಬರೆಯುತ್ತಿದ್ದೇನೆ. ಸಿಟಿಸಿ ತಿಂಗಳಿಗೆ 40,000 ರೂಪಾಯಿ. ಕರಡಿನಲ್ಲಿ ‘ಒಟ್ಟು ಸಂಬಳ 40,000’ ಎಂದಿದೆ. ಅಷ್ಟೂ ಕೈಗೆ ಬರುತ್ತದೆ ಎಂದು ಅವರು ತಿಳಿದರೆ ತಪ್ಪು ಅವರದಲ್ಲ. ಸಿಟಿಸಿಗೆ ಸರಿಯಾದ ಕನ್ನಡ ಪದವಿದೆಯೇ?

ಮೈಸೂರಿನಿಂದ: ‘ಒಟ್ಟು ವೇತನ’ ಎಂದರೆ ಸಾಕು. ಪಿಎಫ್ ಮೊದಲಾದವು ಅದರಿಂದಲೇ ಕಡಿತವಾಗುವುದು ಎಲ್ಲರಿಗೂ ಗೊತ್ತು.

ಧಾರವಾಡದಿಂದ: ಮೈಸೂರಿನವರು ಹೇಳಿದ್ದು ನೌಕರರ ಪಾಲಿನ ಪಿಎಫ್‌ಗೆ ಸರಿ. ಮಾಲೀಕರ ಪಾಲು ಒಟ್ಟು ವೇತನದೊಳಗೆ ಬರುವುದೇ ಇಲ್ಲ, ಆದರೆ ಸಿಟಿಸಿಯೊಳಗೆ ಇರುತ್ತದೆ. ಮೂರು ದಶಕ ಸಂಬಳದ ಪಟ್ಟಿ ಬರೆದವನಾಗಿ ಹೇಳುತ್ತೇನೆ, ಜಗಳ ಹುಟ್ಟುವುದೇ ಇಲ್ಲಿ. ನಿಮ್ಮ ಲೆಕ್ಕವನ್ನೇ ನೋಡಿ. ಮೂಲ ವೇತನ 20,000 ಎಂದಿಟ್ಟುಕೊಳ್ಳೋಣ. 40,000ದಲ್ಲಿ ಮಾಲೀಕರ ಪಿಎಫ್ 1,800, ಗ್ರಾಚ್ಯುಟಿಗೆ ಎತ್ತಿಡುವ 962 ಕಳೆದರೆ ಒಟ್ಟು ವೇತನ 37,238. ಅದರಿಂದ ನೌಕರರ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು 35,238. ಮೂರು ಮೊತ್ತ, ಮೂರು ಹೆಸರು ಬೇಕು: ‘ಸಂಸ್ಥೆ ಭರಿಸುವ ಒಟ್ಟು ವೆಚ್ಚ’, ‘ಒಟ್ಟು ವೇತನ’, ‘ಕೈಗೆ ಬರುವ ಸಂಬಳ’. ಮೂರನ್ನೂ ಅಂಕಿಯೊಂದಿಗೆ ಬರೆಯಿರಿ.

ಮಂಗಳೂರಿನಿಂದ: ಸಂಬಳಕ್ಕಿಂತ ತಾರೀಖಿನ ಭಾಷೆ ಸರಿಯಾಗಲಿ. ನನ್ನ ಪತ್ರದಲ್ಲಿ ‘16ರೊಳಗೆ ಹಾಜರಾಗತಕ್ಕದ್ದು’ ಎಂದಿತ್ತು. 16ರ ಬೆಳಿಗ್ಗೆ ಹೋದರೆ, ಗಡುವು 15ಕ್ಕೇ ಮುಗಿಯಿತು ಎಂದರು. ‘ಒಳಗೆ’ ಎಂದರೆ ಆ ದಿನ ಸೇರುತ್ತದೆಯೇ?

ಧಾರವಾಡದಿಂದ: ನಾನು ಸೇರುತ್ತದೆ ಎಂದೇ ಓದುತ್ತೇನೆ, ನಿಮ್ಮ ಕಚೇರಿಯವರು ಹಾಗೆ ಓದಲಿಲ್ಲ. ವಾದಕ್ಕೆ ಎಡೆಯಿರುವ ಪದವನ್ನು ಕೈಬಿಟ್ಟು ‘ಜೂನ್ 16ರ ಮಂಗಳವಾರ ಬೆಳಿಗ್ಗೆ 9 ಗಂಟೆಗೆ ಹಾಜರಾಗಬೇಕು, ಬರದಿದ್ದರೆ ಈ ಪತ್ರ ರದ್ದಾಗುತ್ತದೆ’ ಎಂದು ಬರೆಯುವುದು ಮೇಲು. ಷರತ್ತಿನ ಪರಿಣಾಮವೂ ಅದೇ ವಾಕ್ಯದಲ್ಲಿ ಬಂತು.

ಪೀಣ್ಯದಿಂದ: ಮೂರು ಹೆಸರುಗಳನ್ನೂ ಹಾಕಿದೆ. ಮೊದಲನೆಯದರ ಪಕ್ಕದಲ್ಲಿ ‘ಸಿಟಿಸಿ’ಯನ್ನೂ ಉಳಿಸಿದ್ದೇನೆ, ಏಕೆಂದರೆ ಸಂದರ್ಶನದಲ್ಲಿ ಅವರು ಕೇಳಿದ್ದು ಆ ಪದವನ್ನೇ. ಇನ್ನೊಂದು ತೊಡಕಿದೆ. ‘ಪಿಎಫ್ ನಿಯಮಾನುಸಾರ’ ಎಂದಷ್ಟೇ ಬರೆದಿದ್ದೆ. 15,000ದ ಮಿತಿಗೆ 12% ಹಿಡಿದರೆ 1,800. ಮೂಲ ವೇತನ ಪೂರ್ತಿ ಹಿಡಿದರೆ 2,400. ಎರಡೂ ನಿಯಮಾನುಸಾರವೇ.

ಮೈಸೂರಿನಿಂದ: ಹಾಗಾದರೆ ‘ನಿಯಮಾನುಸಾರ’ವನ್ನೇ ತೆಗೆಯಬೇಕು. ಒಟ್ಟು ವೇತನದ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಒಪ್ಪಿಗೆಯಿಲ್ಲ. ನಮ್ಮಲ್ಲಿ ಜನ ಸಿಟಿಸಿಗೂ ಅದನ್ನೇ ಬಳಸುತ್ತಾರೆ.